ಒಂದು ಒತ್ತಕ್ಷರದ ಅಂತರ

ಕರಡು ತಿದ್ದಲು ಒಂದು ಸಾಲು ಬಂತು ಎಂದುಕೊಳ್ಳಿ: ‘ಅಜ್ಜಿ ಮೊಮ್ಮಗನನ್ನು ಎಬ್ಸಿದ್ದಳು. ಇಡ್ಲಿ ತಿನಸಿ ಶಾಲೆಗೆ ಕಲಿಸಿದಳು.’

ಎಬ್ಸಿದ, ತಿನಸಿದ ಎಂಬುವು ಮಾತಿನ ರೂಪಗಳು. ಇನ್ನೊಬ್ಬರಿಂದ ಕೆಲಸ ಮಾಡಿಸುವುದನ್ನು ಹೇಳುವ ಪ್ರೇರಣಾರ್ಥಕ ಕ್ರಿಯಾಪದಕ್ಕೆ ಬರಹದಲ್ಲಿ ‘ಇಸು’ ಸೇರುತ್ತದೆ. ಬಾಯಿ ನುಂಗುವ ಆ ‘ಇ’ಕಾರವನ್ನು ಕಾಗದದಲ್ಲಿ ಉಳಿಸಬೇಕು. ಒಂದು ಅನುಕೂಲವೂ ಇದೆ. ತಿನ್ನು ‘ತಿಂದಳು’ ಆಗುತ್ತದೆ, ಏಳು ‘ಎದ್ದಳು’ ಆಗುತ್ತದೆ. ಭೂತಕಾಲದಲ್ಲಿ ಇವು ಹೇಗೆ ಬದಲಾಗುತ್ತವೆ ಎಂಬುದನ್ನು ರೂಢಿಯಿಂದಲೇ ಕಲಿಯಬೇಕು. ಆದರೆ ‘ಇಸು’ ಬಂದ ಮೇಲೆ ಎಲ್ಲವೂ ಒಂದೇ ದಾರಿ ಹಿಡಿಯುತ್ತವೆ: ತಿನ್ನಿಸಿದಳು, ಎಬ್ಬಿಸಿದಳು. (ಏಳು ‘ಏಳಿಸು’ ಆಗದೆ ‘ಎಬ್ಬಿಸು’ ಆದದ್ದು ಮಾತ್ರ ಭಾಷೆಯ ಹಟ.)

ಹೆಚ್ಚು ಮೋಸ ಮಾಡುವುದು ‘ದ್ದ’. ‘ಎಬ್ಬಿಸಿದ್ದಳು’ ಎಂದರೆ ಎಬ್ಬಿಸಿ ಇದ್ದಳು; ಕಥೆಯ ಆ ಗಳಿಗೆಗೆ ಮೊದಲೇ ಮುಗಿದ ಕೆಲಸ. ಇಲ್ಲಿ ಘಟನೆಗಳು ಒಂದರ ಹಿಂದೊಂದು ನಡೆಯುತ್ತಿವೆ, ಆದ್ದರಿಂದ ಒತ್ತು ಬೇಡ. ಅನುಮಾನ ಬಂದಾಗ ‘ಇದ್ದಳು’ ಎಂದು ಬಿಡಿಸಿ ಓದಿದರೆ ಗೊತ್ತಾಗುತ್ತದೆ.

‘ಕಲಿಸಿದಳು’ ಬಿಡಿ ಪದವನ್ನಷ್ಟೇ ನೋಡುವ ಯಂತ್ರಕ್ಕೆ ತಪ್ಪೆನಿಸದು, ಅದು ಪಾಠ ಹೇಳಿದ ಅರ್ಥದ ಸರಿಯಾದ ಪದವೇ. ಶಾಲೆಗೆ ಅಟ್ಟಲು ‘ಳ’ ಬೇಕು.

ತಿದ್ದಿದ ಸಾಲು: ‘ಅಜ್ಜಿ ಮೊಮ್ಮಗನನ್ನು ಎಬ್ಬಿಸಿದಳು. ಇಡ್ಲಿ ತಿನ್ನಿಸಿ ಶಾಲೆಗೆ ಕಳಿಸಿದಳು.’ ‘ಕಳುಹಿಸಿದಳು’ ಎಂದು ಬರೆದಿದ್ದರೆ ಅದನ್ನು ಮುಟ್ಟಬೇಡಿ, ಅದೂ ಸರಿ.