ಒಂದೇ ಪ್ರಶ್ನೆ, ಮೂರು ಭಾಷೆ

ಪ್ರಶ್ನೆ: ಬಿ.ಟಿ.ಎಂ. ಲೇಔಟ್‌ನಲ್ಲಿ ಕನ್ನಡ, ತಮಿಳು, ತೆಲುಗು ಮನೆಗಳ ನೀರಿನ ಸಮೀಕ್ಷೆ ಮಾಡುವವರು ಮೂರೂ ಭಾಷೆಯ ಪ್ರಶ್ನೆ ಒಂದೇ ಎಂದು ಹೇಗೆ ಖಚಿತಪಡಿಸಿಕೊಳ್ಳುತ್ತಾರೆ? – ಓದುಗರೊಬ್ಬರು, ಜೆ.ಪಿ. ನಗರ

ಉತ್ತರ: ಅನುವಾದವನ್ನು ಮತ್ತೊಬ್ಬರಿಂದ ಇಂಗ್ಲಿಷಿಗೆ ಮರಳಿಸಿ ಹೋಲಿಸುವುದು ಹಳೆಯ ಪದ್ಧತಿ. ನನಗೆ ಅದರ ಮೇಲೆ ಪೂರ್ತಿ ಭರವಸೆಯಿಲ್ಲ. ‘ಕಾವೇರಿ ನೀರು ಆಗಾಗ ನಿಲ್ಲುತ್ತದೆಯೇ?’ ಎಂಬುದನ್ನೇ ನೋಡಿ. ತಮಿಳಿನಲ್ಲಿ ‘ಅಡಿಕ್ಕಡಿ’, ತೆಲುಗಿನಲ್ಲಿ ‘ತರಚುಗಾ’ ಎಂದು ಹಾಕಿದರೆ ಮೂರೂ ಇಂಗ್ಲಿಷಿನ ‘ಆಫನ್’ ಆಗಿ ಮರಳಬಹುದು. ಆದರೆ ನಮ್ಮ ‘ಆಗಾಗ’ಕ್ಕೆ ‘ಪದೇ ಪದೇ’ ಎಂಬ ಅರ್ಥವೂ ಇದೆ, ‘ಆಗೊಮ್ಮೆ ಈಗೊಮ್ಮೆ’ ಎಂಬ ಛಾಯೆಯೂ ಇದೆ. ಆಗ ಕನ್ನಡದವರ ‘ಹೌದು’ ಹೆಚ್ಚಾದರೆ, ಕಾರಣ ನಲ್ಲಿಯೋ ಪದವೋ ತಿಳಿಯದು.

ಇದು ಬಯಲಾಗುವುದು ಪೂರ್ವಪರೀಕ್ಷೆಯಲ್ಲಿ. ಪ್ರತಿ ಭಾಷೆಯ ಕೆಲವರಿಗೆ ಪ್ರಶ್ನೆ ಓದಿ, ‘ನಿಮಗೆ ಏನು ಕೇಳಿದೆವು, ನಿಮ್ಮ ಮಾತಿನಲ್ಲಿ ಹೇಳಿ’ ಎನ್ನಬೇಕು. ‘ಎಷ್ಟು ಸಲ ಎಂದುಕೊಂಡಿರಿ?’ ಎಂದೂ ಕೇಳಬೇಕು. ಒಬ್ಬರು ವಾರಕ್ಕೆ ಮೂರು ಸಲ, ಇನ್ನೊಬ್ಬರು ತಿಂಗಳಿಗೊಮ್ಮೆ ಎಂದರೆ ಪದವನ್ನೇ ಕೈಬಿಟ್ಟು ಎಣಿಕೆಗೆ ಹೋಗುವುದು ಮೇಲು: ‘ಕಳೆದ 7 ದಿನಗಳಲ್ಲಿ, ನೀರು ಬರಬೇಕಾಗಿದ್ದ ಎಷ್ಟು ದಿನ ಬರಲಿಲ್ಲ?’ ‘ಬರಬೇಕಾಗಿದ್ದ’ ಬೇಕೇ ಬೇಕು. ಅದಿಲ್ಲದಿದ್ದರೆ ದಿನ ಬಿಟ್ಟು ದಿನ ನೀರು ಬರುವ ಬೀದಿಯಲ್ಲಿ ಖಾಲಿ ದಿನವೂ ಲೆಕ್ಕಕ್ಕೆ ಸೇರಿಬಿಡುತ್ತದೆ.

ತಿದ್ದಿದ್ದು ಕನ್ನಡದಲ್ಲಾದರೂ ಮೂರೂ ನಮೂನೆಗಳನ್ನು ಬದಲಿಸಿ ಮತ್ತೆ ಪರೀಕ್ಷಿಸಬೇಕು. ಸಂಪಿನ ನೀರು ಬಳಸುವ ಬಾಡಿಗೆದಾರರಿಗೆ ನಲ್ಲಿ ನೀರು ಬರುವ ದಿನ ತಿಳಿಯದೆ ಇರಬಹುದು. ‘ಗೊತ್ತಿಲ್ಲ’ ಎಂಬ ಉತ್ತರಕ್ಕೂ ಜಾಗವಿಡಿ.