ಸೋಮವಾರ ಹತ್ತು ಗಂಟೆಗೆ ಎಷ್ಟು ಮಂದಿ ಬೇಕು?

ವಾರಕ್ಕೆ ಏಳು ದಿನ, ದಿನಕ್ಕೆ ಇಪ್ಪತ್ತನಾಲ್ಕು ಗಂಟೆ. ದಿನಗಳನ್ನು ಅಡ್ಡಸಾಲುಗಳಲ್ಲಿ, ಗಂಟೆಗಳನ್ನು ಕಂಬಸಾಲುಗಳಲ್ಲಿ ಇಟ್ಟರೆ 168 ಚೌಕಗಳ ಒಂದು ಹಾಳೆ ಸಿದ್ಧವಾಗುತ್ತದೆ. ಗ್ರಾಹಕರ ದೂರುಗಳನ್ನು ನೋಡಿಕೊಳ್ಳುವ ಯಾವುದೇ ಕೇಂದ್ರದಲ್ಲಿ, ಪ್ರತಿ ದೂರನ್ನೂ ಅದು ಬಂದ ದಿನ ಮತ್ತು ಗಂಟೆಯ ಚೌಕಕ್ಕೆ ಸೇರಿಸಿ ಎಣಿಸಿ, ಎಣಿಕೆ ಹೆಚ್ಚಿದ್ದಲ್ಲಿ ಗಾಢ ಬಣ್ಣ, ಕಡಿಮೆ ಇದ್ದಲ್ಲಿ ತಿಳಿ ಬಣ್ಣ ತುಂಬಿದರೆ ಅದೇ ಹೀಟ್‌ಮ್ಯಾಪ್. ಯಾವ ಪಾಳಿಗೆ ಎಷ್ಟು ಸಿಬ್ಬಂದಿ ಎಂಬ ತೀರ್ಮಾನ ಈ ಹಾಳೆಯನ್ನು ನೋಡಿಯೇ ಆಗುವುದು. ಬಣ್ಣ ತಪ್ಪಿದರೆ ತೀರ್ಮಾನವೂ ತಪ್ಪುತ್ತದೆ. ಫೋನ್ ಹಿಡಿದು ಕಾಯುವವರು ಗ್ರಾಹಕರು, ಒತ್ತಡದಲ್ಲಿ ನಲುಗುವವರು ಅತ್ತ ಕಡೆ ಕುಳಿತ ಹುಡುಗ ಹುಡುಗಿಯರು.

ಒಂದು ಉದಾಹರಣೆ ಹಿಡಿಯೋಣ. ಜಿಲ್ಲಾ ಕೇಂದ್ರವೊಂದರಲ್ಲಿ ಮನೆಮನೆಗೆ ಇಂಟರ್ನೆಟ್ ಕೊಡುವ ಸಂಸ್ಥೆ ಇದೆ ಎಂದುಕೊಳ್ಳಿ. ಅದರ ಬಳಿ 12 ವಾರಗಳ ದೂರುಗಳ ಪಟ್ಟಿಯಿದೆ. ಸೋಮವಾರ ಬೆಳಿಗ್ಗೆ 10ರ ಚೌಕದಲ್ಲಿ ಒಟ್ಟು 264 ದೂರು, ಅಂದರೆ ವಾರಕ್ಕೆ ಸರಾಸರಿ 22. ಬುಧವಾರ ಮಧ್ಯಾಹ್ನ 3ರ ಚೌಕದಲ್ಲಿ 504, ಸರಾಸರಿ 42. ಹಾಳೆಯಲ್ಲಿ ಬುಧವಾರದ ಚೌಕವೇ ಎಲ್ಲಕ್ಕಿಂತ ಗಾಢ. ಸೋಮವಾರದ್ದು ನಡುವಿನ ಬಣ್ಣ, ಮಿಕ್ಕವೆಲ್ಲ ಹೆಚ್ಚುಕಡಿಮೆ ಬಿಳಿ.

ಪಟ್ಟಿಯನ್ನು ಬಿಡಿಸಿ ನೋಡಿದರೆ ಕತೆ ಬೇರೆ. ಬುಧವಾರದ 504ರಲ್ಲಿ 410 ದೂರುಗಳು ಒಂದೇ ದಿನದವು. ಅಂದು ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿತ್ತು. ಉಳಿದ 11 ಬುಧವಾರಗಳಲ್ಲಿ ಬಂದದ್ದು ಒಟ್ಟು 94, ವಾರಕ್ಕೆ ಎಂಟೊಂಬತ್ತು ಮಾತ್ರ. ಒಂದು ದಿನದ ಅವಘಡ ಅಳತೆಯ ಮೇಲ್ತುದಿಯನ್ನು 42ಕ್ಕೆ ಎಳೆದಿದೆ. 3 ದೂರಿನ ಚೌಕವೂ 10 ದೂರಿನ ಚೌಕವೂ ಕಣ್ಣಿಗೆ ಒಂದೇ ಆಗಿ ಕಾಣುವುದು ಅದರಿಂದಲೇ. ಹಾಳೆಯಲ್ಲಿ ಒಂದೇ ಒಂದು ಚೌಕ ಉರಿಯುತ್ತ ಮಿಕ್ಕದ್ದೆಲ್ಲ ಬಿಳಿಚಿಕೊಂಡಿದ್ದರೆ ಇಂಥದ್ದೇನೋ ನಡೆದಿದೆ ಎಂದು ಅನುಮಾನಿಸಬೇಕು.

ಇದಕ್ಕೆ ಪರಿಹಾರ ಸರಾಸರಿಯ ಬದಲು ಮಧ್ಯಾಂಕ. 12 ವಾರಗಳ ಎಣಿಕೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಬುಧವಾರದ ಚೌಕ 9ಕ್ಕೆ ಇಳಿಯುತ್ತದೆ. ಆದರೆ ಸಿಬ್ಬಂದಿಯ ಲೆಕ್ಕಕ್ಕೆ ಮಧ್ಯಾಂಕವೂ ಸಾಲದು, ಏಕೆಂದರೆ ಸುಮಾರು ಅರ್ಧ ವಾರಗಳಲ್ಲಿ ದೂರು ಅದಕ್ಕಿಂತ ಹೆಚ್ಚೇ ಬಂದಿರುತ್ತದೆ. ಜೋಡಿಸಿದ ಹನ್ನೆರಡರಲ್ಲಿ ಹತ್ತನೆಯದನ್ನು ಹಿಡಿಯುವುದು ನನ್ನ ಪ್ರಕಾರ ಸರಿ. ನಮ್ಮ ಉದಾಹರಣೆಯಲ್ಲಿ ಸೋಮವಾರ 10ಕ್ಕೆ ಮಧ್ಯಾಂಕ 21 ಇದ್ದು, ಹತ್ತನೆಯ ಸಂಖ್ಯೆ 26 ಎಂದಿಟ್ಟುಕೊಳ್ಳೋಣ. ಹನ್ನೆರಡು ಸೋಮವಾರಗಳಲ್ಲಿ ಹತ್ತನ್ನು ನಿಭಾಯಿಸುವ ಸಂಖ್ಯೆ ಅದು.

ಇನ್ನು ಬಣ್ಣ. ಹೆಚ್ಚಿನ ಕಚೇರಿಗಳಲ್ಲಿ ಈ ಕೆಲಸ ಎಕ್ಸೆಲ್‌ನ `Conditional Formatting` ಒಳಗಿನ `Color Scales` ಒತ್ತಿದರೆ ಮುಗಿಯಿತು. ಅಲ್ಲಿರುವ ಹಸಿರು-ಹಳದಿ-ಕೆಂಪು ಮಾದರಿಯಲ್ಲಿ ದೊಡ್ಡ ಸಂಖ್ಯೆಗೆ ಹಸಿರು ಬೀಳುತ್ತದೆ. ಮಾರಾಟದ ಲೆಕ್ಕಕ್ಕೆ ಅದು ಹೊಂದೀತು, ದೂರಿನ ಲೆಕ್ಕದಲ್ಲಿ ತಲೆಕೆಳಗು. ಅದನ್ನು ತಿರುಗಿಸಿಕೊಂಡರೂ ಇನ್ನೊಂದು ತೊಡಕಿದೆ. ಮೂರು ಬಣ್ಣದ ಮಾದರಿ ಅತಿ ಚಿಕ್ಕ ಸಂಖ್ಯೆಯನ್ನು ಒಂದು ತುದಿಗೂ ಅತಿ ದೊಡ್ಡದನ್ನು ಇನ್ನೊಂದು ತುದಿಗೂ ತಾನಾಗಿಯೇ ಕಟ್ಟಿ, ಹಳದಿಯನ್ನು ಮಧ್ಯಾಂಕದ ಮೇಲೆ ಕೂರಿಸುತ್ತದೆ. ಹಾಗಾಗಿ ಕೆಲಸ ತೀರಾ ಕಡಿಮೆ ಇದ್ದ ತಿಂಗಳಲ್ಲೂ ಎಲ್ಲೋ ಒಂದು ಕೆಂಪು ಇದ್ದೇ ಇರುತ್ತದೆ, ಉಸಿರಾಡಲು ಬಿಡುವಿಲ್ಲದ ತಿಂಗಳಲ್ಲೂ ಸುಮಾರು ಅರ್ಧ ಹಾಳೆ ಹಸಿರಿನ ಕಡೆಗೇ ವಾಲಿರುತ್ತದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದವರಿಗಂತೂ ಆ ಹಾಳೆಯಿಂದ ಏನೂ ದಕ್ಕದು.

ಕಾಮನಬಿಲ್ಲಿನ ಬಣ್ಣಗಳೂ ಬೇಡ. ನೀಲಿಗಿಂತ ಹಳದಿ ಹೆಚ್ಚೋ ಕಡಿಮೆಯೋ ಎಂಬುದಕ್ಕೆ ಕಣ್ಣಿನ ಬಳಿ ಉತ್ತರವಿಲ್ಲ. ತಿಳಿ ಮತ್ತು ಗಾಢದ ಕ್ರಮ ಮಾತ್ರ ಕಣ್ಣಿಗೆ ಹೇಳಿಕೊಡದೆಯೇ ತಿಳಿಯುತ್ತದೆ. ಪೈಥಾನ್ ಬಳಸುವವರ matplotlib ಹಲವು ಕಾಲ ಕಾಮನಬಿಲ್ಲಿನಂಥ `jet` ಬಣ್ಣಗಳನ್ನೇ ಮೊದಲಿಗೆ ಕೊಡುತ್ತಿತ್ತು. 2017ರಲ್ಲಿ ಬಂದ 2.0 ಆವೃತ್ತಿಯಲ್ಲಿ ಅದನ್ನು ಕೈಬಿಟ್ಟು, ಒಂದೇ ಸಮನಾಗಿ ತಿಳಿಯಾಗುತ್ತ ಹೋಗುವ `viridis` ತಂದದ್ದು ಇಂಥ ಕಾರಣಗಳಿಗಾಗಿಯೇ. ನಮ್ಮ ಹಾಳೆಗೆ ತಿಳಿನೀಲಿಯಿಂದ ಕಡುನೀಲಿಯವರೆಗೆ ಒಂದೇ ಬಣ್ಣ ಸಾಕು. ಕಪ್ಪು ಬಿಳುಪಿನಲ್ಲಿ ಜೆರಾಕ್ಸ್ ತೆಗೆದು ನೋಡಿ. ಕ್ರಮ ಉಳಿದಿದ್ದರೆ ಬಣ್ಣ ಸರಿಯಾಗಿದೆ.

ಆ ನೀಲಿಯನ್ನು ನುಣುಪಾಗಿ ಹರಿಸುವ ಬದಲು ಮೆಟ್ಟಿಲು ಮಾಡಿದರೆ ಹಾಳೆ ಮಾತಾಡತೊಡಗುತ್ತದೆ. ಒಬ್ಬರು ಗಂಟೆಗೆ 6 ದೂರು ಬಗೆಹರಿಸಬಲ್ಲರು ಎಂದಿಟ್ಟುಕೊಳ್ಳಿ. 6ರವರೆಗೆ ಒಂದು ಬಣ್ಣ, 7ರಿಂದ 12 ಎರಡನೆಯದು, 18ರವರೆಗೆ ಮೂರನೆಯದು, 24ರವರೆಗೆ ನಾಲ್ಕನೆಯದು, ಅದರಾಚೆ ಐದನೆಯದು. ಈಗ ಒಂದು ಮೆಟ್ಟಿಲು ಅಂದರೆ ಒಬ್ಬ ವ್ಯಕ್ತಿ. ಸೋಮವಾರ 10ಕ್ಕೆ 26 ಇರುವುದರಿಂದ ಐದನೆಯ ಬಣ್ಣ, ಅಂದರೆ ಐದು ಮಂದಿ. ಬರಿಯ ಮಧ್ಯಾಂಕ ನೋಡಿದ್ದರೆ ನಾಲ್ವರನ್ನು ಕೂರಿಸಿ ಸುಮ್ಮನಾಗುತ್ತಿದ್ದೆವು.

ಚೌಕದೊಳಗಿನ ಅಂಕಿ ಬಣ್ಣ ಹೇಳಲಾರದ್ದನ್ನು ಹೇಳಬೇಕು. 25 ಮತ್ತು 40 ಎರಡಕ್ಕೂ ಒಂದೇ ಕಡುನೀಲಿ ಇರುವಾಗ ಅಂಕಿಯೇ ಗತಿ. 8.55 ಎಂದು ದಶಾಂಶ ಬರೆದರೆ ಯಾರಿಗೂ ಲಾಭವಿಲ್ಲ, ಪೂರ್ಣಾಂಕ ಸಾಕು. ತಿಳಿ ಚೌಕದಲ್ಲಿ ಕಪ್ಪು ಅಕ್ಷರ, ಗಾಢ ಚೌಕದಲ್ಲಿ ಬಿಳಿ ಅಕ್ಷರ ಇಡದಿದ್ದರೆ ಮುಖ್ಯವಾದ ಚೌಕಗಳೇ ಓದಲು ಬಾರದಂತಾಗುತ್ತವೆ. ಮೊಬೈಲಿನ ಪರದೆಯಲ್ಲಿ 168 ಅಂಕಿಗಳು ಇರುವೆ ಸಾಲಾಗುವುದರಿಂದ ಅಲ್ಲಿ ಮೂರನೆಯ ಮೆಟ್ಟಿಲಿನಿಂದ ಮೇಲಿನವಕ್ಕೆ ಮಾತ್ರ ಅಂಕಿ ಇರಲಿ. ದೂರು ಬಾರದ ಗಂಟೆಗೆ 0 ಬರೆಯಿರಿ. ದಾಖಲೆಯೇ ಇಲ್ಲದ ಗಂಟೆಯನ್ನು ಬೂದು ಬಣ್ಣದಲ್ಲಿ ಖಾಲಿ ಬಿಡಿ. ಎರಡೂ ಒಂದೇ ಅಲ್ಲ.

ನಮ್ಮ ದೇಶದಲ್ಲಿ ಇನ್ನೊಂದು ತಪ್ಪು ಸದ್ದಿಲ್ಲದೆ ನುಸುಳುತ್ತದೆ. ದೂರು ದಾಖಲಿಸುವ ಹಲವು ತಂತ್ರಾಂಶಗಳು ಸಮಯವನ್ನು ಯುಟಿಸಿಯಲ್ಲಿ ಇಡುತ್ತವೆ. ನಮ್ಮ ಗಡಿಯಾರ ಅದಕ್ಕಿಂತ ಐದೂವರೆ ಗಂಟೆ ಮುಂದೆ. ಮೊದಲು ಯುಟಿಸಿ ಗಂಟೆಗಳಲ್ಲಿ ಎಣಿಸಿ ಆಮೇಲೆ ಗಂಟೆಯ ಹೆಸರು ಬದಲಿಸಿದರೆ 4ರ ಚೌಕದೊಳಗೆ ನಮ್ಮ ಒಂಬತ್ತೂವರೆಯಿಂದ ಹತ್ತೂವರೆಯವರೆಗಿನ ದೂರುಗಳು ಸೇರಿರುತ್ತವೆ. ಅದಕ್ಕೆ 9 ಎಂದರೂ ತಪ್ಪು, 10 ಎಂದರೂ ತಪ್ಪು. ಭಾನುವಾರ ಸಂಜೆ ಏಳರ ಯುಟಿಸಿ ದೂರು ನಮಗೆ ಸೋಮವಾರ ನಡುರಾತ್ರಿ ಹನ್ನೆರಡೂವರೆಯದು, ಅಂದರೆ ದಿನವೂ ಬದಲಾಗುತ್ತದೆ. ಆದ್ದರಿಂದ ಮೊದಲು ಪ್ರತಿ ದೂರಿನ ಸಮಯವನ್ನು ಬದಲಿಸಿಕೊಂಡು, ನಂತರ ಗಂಟೆಯನ್ನೂ ಸೋಮವಾರವನ್ನು 1 ಎಂದು ಎಣಿಸುವ ವಾರವನ್ನೂ ತೆಗೆಯಬೇಕು:

```
B2: =A2+TIME(5,30,0)
C2: =HOUR(B2)
D2: =WEEKDAY(B2,2)
```

ಹಾಳೆ ಸಿದ್ಧವಾದ ಮೇಲೂ ಒಮ್ಮೆ ಕಂಬಸಾಲುಗಳತ್ತ ಕಣ್ಣು ಹಾಯಿಸಿ. ಏಳೂ ದಿನ ನಡುರಾತ್ರಿ 12ರ ಸಾಲು ಮಾತ್ರ ಗಾಢವಾಗಿದ್ದರೆ, ಸಮಯ ನಮೂದಾಗದ ದೂರುಗಳಿಗೆ ತಂತ್ರಾಂಶ 00:00 ಹಾಕಿರುವ ಸಾಧ್ಯತೆ ಹೆಚ್ಚು. ಪಾಳಿ ಮುಗಿಯುವ ಗಂಟೆಯಲ್ಲಿ ಪ್ರತಿದಿನ ಏರಿಕೆ ಕಂಡರೆ, ಫೋನಿನಲ್ಲಿ ಬಂದದ್ದನ್ನು ಚೀಟಿಯಲ್ಲಿ ಗೀಚಿಟ್ಟು ಕೊನೆಗೆ ಒಟ್ಟಿಗೆ ಕಂಪ್ಯೂಟರಿಗೆ ತುಂಬುತ್ತಿದ್ದಾರೆಯೇ ಎಂದು ಸಿಬ್ಬಂದಿಯನ್ನೇ ಕೇಳಿ. ಲೈನ್ ಸಿಗದೆ ಫೋನ್ ಇಟ್ಟವರಂತೂ ಈ ಹಾಳೆಯಲ್ಲಿ ಎಲ್ಲೂ ಇಲ್ಲ. ಹಾಗಾಗಿ ಅತಿ ಗಾಢ ಚೌಕದ ನಿಜವಾದ ಸಂಖ್ಯೆ ಅಲ್ಲಿ ಬರೆದದ್ದಕ್ಕಿಂತ ಹೆಚ್ಚೇ ಇದ್ದೀತು.

ಹಾಳೆಯ ಕೆಳಗೆ ಎಷ್ಟು ವಾರಗಳ ಲೆಕ್ಕ, ಯಾವ ಸಂಖ್ಯೆ ಹಿಡಿದದ್ದು, ಯಾವ ಗಡಿಯಾರ, ಒಂದು ಮೆಟ್ಟಿಲಿಗೆ ಎಷ್ಟು ದೂರು ಎಂದು ಒಂದು ಸಾಲು ಬರೆದಿಡಿ. ಮುಂದಿನ ಮೂರು ತಿಂಗಳ ಹಾಳೆಗೂ ಅದೇ ಮೆಟ್ಟಿಲುಗಳನ್ನು ಉಳಿಸಿಕೊಳ್ಳಿ.