ಹಿಂಬಾಲಕರಿಂದ ಚಂದಾದಾರರಿಗೆ: ಓದುಗರ ವಿಳಾಸ ಯಾರ ಕೈಯಲ್ಲಿದೆ?

2024ರ ಜುಲೈ 3ರಂದು ‘ಕೂ’ ಎಂಬ ಸಾಮಾಜಿಕ ಜಾಲತಾಣ ತನ್ನ ಸೇವೆಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಬೆಂಗಳೂರಿನಲ್ಲಿ ಹುಟ್ಟಿ, 2020ರಲ್ಲಿ ಮೊದಲಿಗೆ ಕನ್ನಡದಲ್ಲಿಯೇ ಬಳಕೆಗೆ ಬಂದ ವೇದಿಕೆ ಅದು. ಅಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದವರು ತಮ್ಮ ಬರಹದ ಪ್ರತಿಯನ್ನು ಬೇರೆಡೆ ಇಟ್ಟುಕೊಂಡಿರಬಹುದು. ಆದರೆ ತಮ್ಮನ್ನು ಓದುತ್ತಿದ್ದವರನ್ನು ಹಾಗೆ ಎತ್ತಿಟ್ಟುಕೊಳ್ಳುವುದು ಸಾಧ್ಯವಿರಲಿಲ್ಲ. ‘ಹಿಂಬಾಲಕ’ ಎಂಬ ಸಂಬಂಧ ಆ ವೇದಿಕೆಯ ಒಳಗಷ್ಟೇ ಇದ್ದುದರಿಂದ ವೇದಿಕೆಯೊಂದಿಗೆ ಅದೂ ಮುಗಿಯಿತು. ಇದಕ್ಕೂ ಮೊದಲು, 2020ರ ಜೂನ್ 29ರಂದು, ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗಲೂ ಇದೇ ನಡೆದಿತ್ತು. ಒಂದು ವ್ಯಾಪಾರದ ಸೋಲಿನಿಂದ, ಇನ್ನೊಂದು ಸರ್ಕಾರದ ಆದೇಶದಿಂದ ಮುಚ್ಚಿತು; ಬರೆಯುವವನ ಪಾಲಿಗೆ ಫಲ ಒಂದೇ.

ವೇದಿಕೆ ಮುಚ್ಚದೆಯೂ ಓದುಗರು ದೂರವಾಗಬಹುದು. 2018ರ ಜನವರಿಯಲ್ಲಿ ಫೇಸ್‌ಬುಕ್, ಬಳಕೆದಾರರಿಗೆ ಬಂಧುಮಿತ್ರರ ಬರಹಗಳನ್ನು ಹೆಚ್ಚಾಗಿಯೂ ಸಂಸ್ಥೆಗಳ ಹಾಗೂ ಮಾಧ್ಯಮಗಳ ಪುಟಗಳ ಬರಹಗಳನ್ನು ಕಡಿಮೆಯಾಗಿಯೂ ತೋರಿಸುವುದಾಗಿ ತಿಳಿಸಿತು. ಪುಟವನ್ನು ಮೆಚ್ಚಿದವರ ಸಂಖ್ಯೆ ಹಾಗೆಯೇ ಉಳಿಯಿತು. ಅವರನ್ನು ತಲುಪುವ ದಾರಿ ಕಿರಿದಾಯಿತು. ಪುಟದ ಮೇಲೆ ಕಾಣುವ ಹಿಂಬಾಲಕರ ಸಂಖ್ಯೆ ಓದುಗರ ಸಂಖ್ಯೆಯಲ್ಲ ಎಂಬುದು ಆಗ ಅನೇಕರಿಗೆ ಮನವರಿಕೆಯಾಯಿತು.

ಮುದ್ರಿತ ಪತ್ರಿಕೆಯ ವ್ಯವಸ್ಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಸಂಪಾದಕನ ಮೇಜಿನಲ್ಲಿ ಚಂದಾದಾರರ ವಿಳಾಸಗಳ ಪುಸ್ತಕವಿರುತ್ತಿತ್ತು. ಅಂಚೆ ಇಲಾಖೆ ಪ್ರತಿಗಳನ್ನು ಹೊತ್ತು ತಲುಪಿಸುತ್ತಿತ್ತೇ ಹೊರತು ವಿಳಾಸಗಳ ಒಡೆತನ ಅದಕ್ಕಿರಲಿಲ್ಲ. ಮುದ್ರಣಾಲಯ ಬದಲಾದರೂ, ಸಾಗಿಸುವವರು ಬದಲಾದರೂ ಆ ಪುಸ್ತಕ ಇದ್ದರೆ ಪತ್ರಿಕೆ ಮುಂದುವರಿಯುತ್ತಿತ್ತು. ವೇದಿಕೆಗಳಲ್ಲಿ ಸಾಗಿಸುವವನೇ ವಿಳಾಸಗಳ ಒಡೆಯನೂ ಆಗಿದ್ದಾನೆ. ಹಿಂಬಾಲಕರನ್ನು ‘ಸ್ವಂತ ಮಾರ್ಗ’ಕ್ಕೆ ತರುವುದೆಂದರೆ ಸಾಗಣೆಯನ್ನೂ ವಿಳಾಸವನ್ನೂ ಮತ್ತೆ ಬೇರ್ಪಡಿಸುವುದು. ಈ ಅರ್ಥವನ್ನು ಬಿಗಿಯಾಗಿ ಹಿಡಿದರೆ, ಸಾಮಾನ್ಯವಾಗಿ ಒಂದೇ ಉಸಿರಿನಲ್ಲಿ ಹೇಳುವ ಇಮೇಲ್ ಪಟ್ಟಿ ಮತ್ತು ವಾಟ್ಸ್‌ಆ್ಯಪ್ ಗುಂಪು ಒಂದೇ ಬಗೆಯವಲ್ಲ ಎಂಬುದು ಕಾಣುತ್ತದೆ.

ಇಮೇಲ್ ಯಾವುದೇ ಒಂದು ಕಂಪನಿಯ ಸ್ವತ್ತಲ್ಲ. ಪಟ್ಟಿಯನ್ನು ಒಂದು ಸೇವೆಯಿಂದ ಇಳಿಸಿಕೊಂಡು ಇನ್ನೊಂದಕ್ಕೆ ಏರಿಸಬಹುದು. ಓದುಗ ಏನನ್ನೂ ಮಾಡಬೇಕಾಗಿಲ್ಲ. ವಾಟ್ಸ್‌ಆ್ಯಪ್ ಗುಂಪು ಹಾಗಲ್ಲ. ಅದು ಫೇಸ್‌ಬುಕ್‌ನ ಒಡೆಯರದೇ ಇನ್ನೊಂದು ಮನೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಸ್ತಬ್ಧವಾದಾಗ ಇದು ಎಲ್ಲರಿಗೂ ತಿಳಿಯಿತು. ಗುಂಪಿಗೆ 1024 ಸದಸ್ಯರ ಮಿತಿಯಿದೆ. 2023ರಲ್ಲಿ ಬಂದ ವಾಟ್ಸ್‌ಆ್ಯಪ್ ಚಾನೆಲ್‌ಗೆ ಅಂಥ ಮಿತಿಯಿಲ್ಲ, ಆದರೆ ಹಿಂಬಾಲಿಸುವವರ ದೂರವಾಣಿ ಸಂಖ್ಯೆ ನಡೆಸುವವನಿಗೆ ಕಾಣುವುದಿಲ್ಲ. ಸ್ವಾತಂತ್ರ್ಯದ ದೃಷ್ಟಿಯಿಂದ ಚಾನೆಲ್ ಎಂಬುದು ಫೇಸ್‌ಬುಕ್ ಪುಟದ ಮರುರೂಪವಷ್ಟೇ.

ಹಾಗೆಂದು ವಾಟ್ಸ್‌ಆ್ಯಪನ್ನು ಬಿಡಲಾಗದು. ಕಾಸರಗೋಡಿನಲ್ಲಿಯೋ ತಾಳವಾಡಿಯಲ್ಲಿಯೋ ಜತ್ತದಲ್ಲಿಯೋ ಇರುವ ಅನೇಕ ಓದುಗರಿಗೆ ಇಮೇಲ್ ಎಂದರೆ ಬ್ಯಾಂಕು ಮತ್ತು ಕಚೇರಿಯ ಕೆಲಸ. ದಿನನಿತ್ಯದ ಓದು ನಡೆಯುವುದು ವಾಟ್ಸ್‌ಆ್ಯಪ್‌ನಲ್ಲಿ. ಮಾಡಬೇಕಾದುದು ಇಷ್ಟೇ: ಗುಂಪನ್ನು ಒಡೆತನವೆಂದು ಭಾವಿಸದೆ, ಓದುಗರು ತಾವಾಗಿ ಕೊಟ್ಟ ದೂರವಾಣಿ ಸಂಖ್ಯೆಯನ್ನೇ ವಿಳಾಸವೆಂದು ತಿಳಿದು ನಮ್ಮ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವುದು. ಆ ಸಂಖ್ಯೆಗೆ ನಾಳೆ ಕರೆ ಮಾಡಬಹುದು, ಎಸ್ಸೆಮ್ಮೆಸ್ ಕಳುಹಿಸಬಹುದು, ಬೇರೊಂದು ಆ್ಯಪ್‌ನಲ್ಲಿ ಹುಡುಕಬಹುದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಗಡಿನಾಡಿನ ತ್ರೈಮಾಸಿಕವೊಂದಕ್ಕೆ ಫೇಸ್‌ಬುಕ್‌ನಲ್ಲಿ 6000 ಹಿಂಬಾಲಕರಿದ್ದಾರೆ. ‘ನಮ್ಮ ಇಮೇಲ್ ಪಟ್ಟಿಗೆ ಸೇರಿ’ ಎಂಬ ಬರಿಯ ಮನವಿಗೆ ಓಗೊಡುವವರು ಕಡಿಮೆ. ಸೇರುವುದರಿಂದ ಏನು ದೊರೆಯುತ್ತದೆಂಬುದು ಅದರಲ್ಲಿಲ್ಲ. ಪುಟದಲ್ಲಿ ಸಿಗದ ನಿರ್ದಿಷ್ಟ ವಸ್ತುವೊಂದು ಬೇಕು. ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಕನ್ನಡ ಸ್ಥಳನಾಮಗಳ ಕುರಿತ ಲೇಖನದ ಮೊದಲ ಭಾಗವನ್ನು ಪುಟದಲ್ಲಿ ಪ್ರಕಟಿಸಿ, ಪೂರ್ಣ ಪಿಡಿಎಫ್ ಪ್ರತಿಯನ್ನು ಕೇಳಿದವರಿಗೆ ಕಳುಹಿಸುವುದಾಗಿ ಹೇಳಬಹುದು. ಕೇಳಲು ಎರಡು ದಾರಿ: ಇಮೇಲ್ ಬರೆದುಕೊಳ್ಳುವ ಚಿಕ್ಕ ಅರ್ಜಿ, ಮತ್ತು ಪತ್ರಿಕೆಯದೇ ಸಿಮ್‌ಗೆ ಸಂದೇಶ ಕಳುಹಿಸುವ ಕೊಂಡಿ. ಆ ಕೊಂಡಿಯ ರೂಪ ಹೀಗಿರುತ್ತದೆ:

```
https://wa.me/91XXXXXXXXXX?text=PATRIKE
```

ಒತ್ತಿದೊಡನೆ ಸಂದೇಶ ಸಿದ್ಧವಾಗಿ ತೆರೆಯುತ್ತದೆ. ಓದುಗ ಕಳುಹಿಸಿದರೆ ಸಾಕು. ಗುಂಪಿನ ಆಹ್ವಾನಕ್ಕಿಂತ ಇದು ಮೇಲು, ಏಕೆಂದರೆ ಮೊದಲ ಮಾತು ಓದುಗನದು. ಉತ್ತರದಲ್ಲಿ ಪಿಡಿಎಫ್ ಜೊತೆಗೆ ಎರಡು ವಾಕ್ಯ ಬರೆಯಬೇಕು: ಹೊಸ ಸಂಚಿಕೆಯ ಸುದ್ದಿ ಕಳುಹಿಸಬಹುದೇ ಎಂಬ ಪ್ರಶ್ನೆ, ಒಪ್ಪಿದರೆ ಈ ಸಂಖ್ಯೆಯನ್ನು ಉಳಿಸಿಕೊಳ್ಳಿರೆಂಬ ಕೋರಿಕೆ. ಎರಡನೆಯದು ಔಪಚಾರಿಕವಲ್ಲ. ವಾಟ್ಸ್‌ಆ್ಯಪ್‌ನ ಬ್ರಾಡ್‌ಕಾಸ್ಟ್ ಪಟ್ಟಿಯಿಂದ ಕಳುಹಿಸಿದ ಸಂದೇಶ, ನಮ್ಮ ಸಂಖ್ಯೆಯನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ಒಂದು ಪಟ್ಟಿಗೆ 256 ಜನರ ಮಿತಿಯೂ ಇದೆ. ಸಂದೇಶದ ಮಾಹಿತಿಯನ್ನು ತೆರೆದಾಗ ‘ತಲುಪಿದೆ’ ಎಂಬಲ್ಲಿ ಯಾರ ಹೆಸರು ಬಹುಕಾಲ ಕಾಣುವುದಿಲ್ಲವೋ ಅವರು ಸಂಖ್ಯೆಯನ್ನು ಉಳಿಸಿಕೊಂಡಿಲ್ಲವೆಂದು ಊಹಿಸಬಹುದು.

ಹೀಗೆ ಬಂದವರನ್ನು ಅಂದೇ ಪುಸ್ತಕಕ್ಕೆ ಸೇರಿಸಬೇಕು. ಅದೊಂದು ಸರಳ ಸಿಎಸ್‌ವಿ ಕಡತ:

```
ಹೆಸರು,ಇಮೇಲ್,ದೂರವಾಣಿ,ತಾಲ್ಲೂಕು,ರೂಪ,ಒಪ್ಪಿದ ದಿನ,ಎಲ್ಲಿಂದ
```

‘ರೂಪ’ ಎಂಬ ಅಂಕಣ ಗಡಿನಾಡಿಗೇ ಬೇಕಾದುದು. ಮನೆಯಲ್ಲಿ ಕನ್ನಡ ಆಡುತ್ತ, ಶಾಲೆಯಲ್ಲಿ ಮರಾಠಿಯನ್ನೋ ಮಲಯಾಳವನ್ನೋ ಓದಿದವರಿಗೆ ಕನ್ನಡ ಲಿಪಿಯ ದೀರ್ಘ ಪತ್ರ ಕಷ್ಟವಾಗಬಹುದು. ಅಂಥವರ ಎದುರು ‘ಧ್ವನಿ’ ಎಂದು ಬರೆದು ಐದು ನಿಮಿಷದ ಧ್ವನಿಸಂದೇಶ ಕಳುಹಿಸಬಹುದು. ಯಾರಿಗೆ ಯಾವುದು ಬೇಕೆಂದು ವೇದಿಕೆ ನಮಗೆ ಹೇಳುವುದಿಲ್ಲ. ಸ್ವಂತ ಪಟ್ಟಿಯಲ್ಲಿ ಅದನ್ನು ಕೇಳಿ ಬರೆದಿಡಬಹುದು. ಕಡತವನ್ನು ಎಕ್ಸೆಲ್‌ನಲ್ಲಿ ಉಳಿಸುವಾಗ `CSV UTF-8` ಎಂಬುದನ್ನೇ ಆರಿಸಬೇಕು. ಇಲ್ಲವಾದರೆ ಕನ್ನಡ ಅಕ್ಷರಗಳೆಲ್ಲ ಪ್ರಶ್ನಾರ್ಥಕ ಚಿಹ್ನೆಗಳಾಗುತ್ತವೆ. ದೂರವಾಣಿಯ ಅಂಕಣವನ್ನು ಮೊದಲೇ ‘ಪಠ್ಯ’ವೆಂದು ಗುರುತಿಸದಿದ್ದರೆ ಹನ್ನೆರಡು ಅಂಕಿಯ ಸಂಖ್ಯೆ `9.19E+11` ಎಂದು ಕಾಣುತ್ತದೆ, ಹಾಗೆಯೇ ಉಳಿಸಿದರೆ ಕೊನೆಯ ಅಂಕಿಗಳು ಕಳೆದುಹೋಗುತ್ತವೆ.

6000 ಹಿಂಬಾಲಕರಲ್ಲಿ ವರ್ಷವೊಂದರಲ್ಲಿ 400 ಜನ ಈ ಪುಸ್ತಕಕ್ಕೆ ಬಂದರೆಂದು ಇಟ್ಟುಕೊಳ್ಳೋಣ. ಮೇಲ್ನೋಟಕ್ಕೆ ಇದು ಕುಸಿತದಂತೆ ತೋರಬಹುದು. ಆದರೆ ಆ 400 ಜನರಿಗೆ ಪತ್ರ ಕಳುಹಿಸಲು ಯಾರ ಅನುಮತಿಯೂ ಬೇಕಾಗಿಲ್ಲ, 6000 ಜನರಲ್ಲಿ ಇಂದು ಯಾರಿಗೆ ಕಾಣುವುದೆಂದು ವೇದಿಕೆ ತೀರ್ಮಾನಿಸುತ್ತದೆ. ಹೋಲಿಸಬೇಕಾದುದು ಒಟ್ಟು ಸಂಖ್ಯೆಗಳನ್ನಲ್ಲ. ಒಂದು ಸಂಚಿಕೆ ಹೊರಟಾಗ ಎರಡು ಕಡೆಯಿಂದಲೂ ಎಷ್ಟು ಜನ ಲೇಖನದ ಕೊಂಡಿಯನ್ನು ಒತ್ತಿದರು, ಎಷ್ಟು ಜನ ಮಾರುತ್ತರ ಬರೆದರು ಎಂಬುದನ್ನು.

ಇಮೇಲ್ ಸ್ವಂತದ್ದಾದರೂ ತನ್ನ ತೊಡಕುಗಳಿಲ್ಲದೆ ಇಲ್ಲ. ಸಾಮಾನ್ಯ ಜಿಮೇಲ್ ಖಾತೆಯಿಂದ ದಿನಕ್ಕೆ 500 ಜನರಿಗಷ್ಟೇ ಕಳುಹಿಸಬಹುದು. ಅದಕ್ಕೂ ಮೊದಲೇ, ಒಂದೇ ಪತ್ರ ನೂರಾರು ವಿಳಾಸಗಳಿಗೆ ಹೋದಾಗ ಅದು ಸ್ಪ್ಯಾಮ್ ಪೆಟ್ಟಿಗೆಗೆ ಬೀಳತೊಡಗಬಹುದು. ಆದ್ದರಿಂದ ಪತ್ರಿಕೆಯದೇ ಡೊಮೇನ್ ಕೊಂಡು, ಆ ಹೆಸರಿನ ವಿಳಾಸದಿಂದ, ಪತ್ರಪಟ್ಟಿಯ ಸೇವೆಯೊಂದರ ಮೂಲಕ ಕಳುಹಿಸುವುದು ಯುಕ್ತ. 2024ರ ಫೆಬ್ರವರಿಯಿಂದ ಗೂಗಲ್, ತನ್ನ ಬಳಕೆದಾರರಿಗೆ ಪತ್ರ ಕಳುಹಿಸುವ ಎಲ್ಲರಿಂದಲೂ `SPF` ಅಥವಾ `DKIM` ದಾಖಲೆಯನ್ನು ಕೇಳುತ್ತಿದೆ. ದಿನಕ್ಕೆ 5000ಕ್ಕೂ ಹೆಚ್ಚು ಪತ್ರ ಕಳುಹಿಸುವವರು ಈ ಎರಡರ ಜೊತೆ `DMARC` ಅನ್ನೂ ಹೊಂದಿರಬೇಕು. ಇವು ‘ಈ ಪತ್ರ ನಿಜವಾಗಿ ಈ ಡೊಮೇನ್‌ನಿಂದಲೇ ಬಂದಿದೆ’ ಎಂದು ಸಾರುವ ಮುದ್ರೆಗಳು. ಡೊಮೇನ್‌ನ ವ್ಯವಸ್ಥೆಯಲ್ಲಿ ಒಮ್ಮೆ ಬರೆದರೆ ಸಾಕು. ಪತ್ರ ತಲುಪುತ್ತಿದೆಯೇ ಎಂದು ತಿಳಿಯಲು ‘ತೆರೆದವರ ಸಂಖ್ಯೆ’ಯನ್ನು ನಂಬಬಾರದು. 2021ರಿಂದ ಆ್ಯಪಲ್‌ನ ಮೇಲ್ ವ್ಯವಸ್ಥೆ ಪತ್ರದೊಳಗಿನ ಚಿತ್ರಗಳನ್ನು ತಾನೇ ಮುಂಚಿತವಾಗಿ ತರಿಸಿಕೊಳ್ಳುವುದರಿಂದ, ಓದದ ಪತ್ರವೂ ತೆರೆದಂತೆ ಲೆಕ್ಕಕ್ಕೆ ಬರುತ್ತದೆ. ಮೊದಲ ಪತ್ರದಲ್ಲಿಯೇ ‘ನಿಮ್ಮ ಊರು ಯಾವುದು?’ ಎಂದು ಕೇಳುವುದು ಉತ್ತಮ ಉಪಾಯ. ಉತ್ತರ ಬಂದರೆ ಪತ್ರ ತಲುಪಿದ್ದು ಖಚಿತವಾಗುತ್ತದೆ, ತಾಲ್ಲೂಕಿನ ಅಂಕಣ ತುಂಬುತ್ತದೆ, ಮುಂದಿನ ಪತ್ರ ಸ್ಪ್ಯಾಮ್‌ಗೆ ಬೀಳುವ ಸಂಭವವೂ ತಗ್ಗುತ್ತದೆ.

ಗುಂಪಿನ ತೊಡಕು ಬೇರೆ ಬಗೆಯದು. ಅಲ್ಲಿ ಪ್ರತಿಯೊಬ್ಬ ಸದಸ್ಯನ ಸಂಖ್ಯೆ ಉಳಿದೆಲ್ಲರಿಗೂ ಕಾಣುತ್ತದೆ. ಭಾಷಾ ಅಲ್ಪಸಂಖ್ಯಾತರ ಹಕ್ಕುಗಳ ಚರ್ಚೆ ನಡೆಯುವ ಗುಂಪಿನಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರೂ ವಿದ್ಯಾರ್ಥಿನಿಯರೂ ಇರುವಾಗ ಇದು ಸಣ್ಣ ಸಂಗತಿಯಲ್ಲ. ಕೇಳದೆ ಗುಂಪಿಗೆ ಸೇರಿಸುವ ನಮ್ಮ ರೂಢಿಯನ್ನು ಬಿಡಲೇಬೇಕು. ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯ ತಿರುಳೂ ತಿಳಿದು ಕೊಟ್ಟ ಒಪ್ಪಿಗೆಯೇ ಆಗಿದೆ. ಒಪ್ಪಿದ ದಿನವನ್ನೂ ಮೂಲವನ್ನೂ ಪುಸ್ತಕದಲ್ಲಿ ಬರೆಯುವುದು ಇದಕ್ಕಾಗಿ. ಸುದ್ದಿ ತಿಳಿಸಲು ಬ್ರಾಡ್‌ಕಾಸ್ಟ್ ಪಟ್ಟಿ ಸಾಕು, ಅಲ್ಲಿ ಒಬ್ಬರ ಸಂಖ್ಯೆ ಇನ್ನೊಬ್ಬರಿಗೆ ಕಾಣದು. ಪರಸ್ಪರ ಚರ್ಚೆ ಬೇಕೆಂದವರಿಗೆ ಮಾತ್ರ ಚಿಕ್ಕ ಗುಂಪು. ಅದಕ್ಕೂ ಇಬ್ಬರು ನಿರ್ವಾಹಕರಿರಬೇಕು, ಒಬ್ಬರ ಖಾತೆ ನಿರ್ಬಂಧಕ್ಕೊಳಗಾದರೂ ಗುಂಪು ಅನಾಥವಾಗದಿರಲು.

ವೇದಿಕೆಗಳನ್ನು ತೊರೆಯಬೇಕೆಂಬುದು ಇದರ ತಾತ್ಪರ್ಯವಲ್ಲ. ಮಡಕಶಿರದ ಓದುಗನಿಗೆ ಕಾಸರಗೋಡಿನ ಪತ್ರಿಕೆಯ ಪರಿಚಯವಾಗುವುದು ಬಹುಮಟ್ಟಿಗೆ ಅಲ್ಲಿಯೇ. ಇಮೇಲ್ ಪಟ್ಟಿ ತಾನಾಗಿ ಹೊಸಬರನ್ನು ಕರೆತರುವುದಿಲ್ಲ, ವಿಳಾಸ ಬದಲಿಸಿದವರು ಕಳಚಿಕೊಳ್ಳುತ್ತ ಅದು ಪ್ರತಿವರ್ಷ ಸ್ವಲ್ಪ ಸವೆಯುತ್ತದೆ. ವೇದಿಕೆ ಪರಿಚಯದ ಅಂಗಳವಾಗಲಿ, ವಿಳಾಸದ ಪುಸ್ತಕ ಮನೆಯೊಳಗಿರಲಿ.

ಆ ಪುಸ್ತಕ ನಿಜವಾಗಿ ನಮ್ಮದೇ ಎಂಬುದನ್ನು ಆರು ತಿಂಗಳಿಗೊಮ್ಮೆ ಪರೀಕ್ಷಿಸಬಹುದು. ಪಟ್ಟಿಯನ್ನು ಪೂರ್ಣವಾಗಿ ಇಳಿಸಿಕೊಂಡು, ಅದರಿಂದ ಹತ್ತು ಹೆಸರುಗಳನ್ನು ಆರಿಸಿ, ಈಗ ಬಳಸುತ್ತಿರುವ ಸೇವೆಯನ್ನೂ ಫೋನನ್ನೂ ಮುಟ್ಟದೆ, ಬೇರೊಂದು ಖಾತೆಯಿಂದ, ಬೇರೊಂದು ಸಂಖ್ಯೆಯಿಂದ ಅವರನ್ನು ತಲುಪಲು ಯತ್ನಿಸಬೇಕು. ಹತ್ತರಲ್ಲಿ ಎಷ್ಟು ಜನ ‘ಹೌದು, ಸಿಕ್ಕಿತು’ ಎಂದರೋ ಆ ಪ್ರಮಾಣದ ಓದುಗರಷ್ಟೇ ಪತ್ರಿಕೆಯ ವಶದಲ್ಲಿದ್ದಾರೆ. ಉಳಿದವರು ಇನ್ನೂ ಬೇರೊಬ್ಬರ ಮನೆಯಲ್ಲಿದ್ದಾರೆ.